1,200 ಜನ ಹೆಸರು ಕೊಟ್ಟರು, 30 ಜನ ಹಣ ಕಟ್ಟಿದರು: ವೆಬಿನಾರ್‌ನಲ್ಲಿ ಉಳಿದವರು ಎಲ್ಲಿ ಕಳಚಿಕೊಂಡರು?

ಟ್ಯಾಲಿ, ಜಿಎಸ್‌ಟಿ ರಿಟರ್ನ್, ಯೋಗ, ಸ್ಪೋಕನ್ ಇಂಗ್ಲಿಷ್ ಹೀಗೆ ಒಂದಲ್ಲ ಒಂದನ್ನು ಕನ್ನಡದಲ್ಲೇ ಆನ್‌ಲೈನ್ ಮೂಲಕ ಕಲಿಸುವವರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಹೆಚ್ಚಿನವರು ಹಿಡಿಯುವ ದಾರಿ ಒಂದೇ. ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕುತ್ತಾರೆ, ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸುತ್ತಾರೆ. ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆಯ ಉಚಿತ ವೆಬಿನಾರ್ ನಡೆಸಿ, ಕೊನೆಯ ಭಾಗದಲ್ಲಿ ಪೂರ್ತಿ ಕೋರ್ಸಿನ ಬೆಲೆ ಹೇಳುತ್ತಾರೆ. ಮಾರನೆಯ ದಿನ ಲೆಕ್ಕ ನೋಡಿದಾಗ ಹೆಸರು ಕೊಟ್ಟವರು ಸಾವಿರಕ್ಕೂ ಹೆಚ್ಚು, ಹಣ ಕಟ್ಟಿದವರು ಬೆರಳೆಣಿಕೆಯಷ್ಟು. ತಪ್ಪಿದ್ದೆಲ್ಲಿ?

ಇದಕ್ಕೆ ಉತ್ತರ ಹುಡುಕುವ ಲೆಕ್ಕಕ್ಕೆ ಮಾರ್ಕೆಟಿಂಗ್ ಮಂದಿ ಫನಲ್ ಡ್ರಾಪ್-ಆಫ್ ಅನಾಲಿಸಿಸ್ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಇದಕ್ಕೆ ಬೇಕಾಗುವುದು ಕೂಡಿಸು, ಭಾಗಿಸು ಮತ್ತು ಒಂದು ಎಕ್ಸೆಲ್ ಶೀಟ್ ಮಾತ್ರ. ಆದರೆ ಇದರಲ್ಲಿ ಎಡವುವುದು ಬಹಳ ಸುಲಭ. ಎಲ್ಲಿ ಹೆಚ್ಚು ಜನ ಬಿಟ್ಟುಹೋದರೋ ಅಲ್ಲೇ ದೋಷವಿದೆ ಎಂದು ನಮ್ಮ ಕಣ್ಣು ತೀರ್ಮಾನಿಸಿಬಿಡುತ್ತದೆ. ಎಷ್ಟೋ ಸಲ ದೋಷ ಇರುವುದು ಅದಕ್ಕಿಂತ ಒಂದೆರಡು ಹಂತ ಮೇಲೆ.

## ಹಂತಗಳು ಮತ್ತು ಎರಡು ಬಗೆಯ ಶೇಕಡಾವಾರು

ಫನಲ್ ಎಂದರೆ ಜನ ಒಂದರ ನಂತರ ಒಂದಾಗಿ ದಾಟಬೇಕಾದ ಹಂತಗಳ ಸಾಲು. ವೆಬಿನಾರ್‌ಗೆ ಸಾಮಾನ್ಯವಾಗಿ ಮೂರು ಹಂತ ಹೇಳುತ್ತಾರೆ: ನೋಂದಣಿ, ಹಾಜರಿ, ಹಣ ಕಟ್ಟಿ ಸೇರುವುದು. ಇಷ್ಟು ಸಾಲದು. ಹಾಜರಿಗೂ ಹಣಕ್ಕೂ ನಡುವೆ ಇನ್ನೊಂದು ಹಂತವಿದೆ. ಬೆಲೆ ಹೇಳಿದ ಗಳಿಗೆಯಲ್ಲಿ ಯಾರು ಇನ್ನೂ ಕೇಳುತ್ತಿದ್ದರು ಎಂಬುದೇ ಅದು. ಹತ್ತು ನಿಮಿಷ ಕೂತು ಎದ್ದುಹೋದವರಿಗೆ ಬೆಲೆಯೇ ಗೊತ್ತಿಲ್ಲ. ಅಂಥವರನ್ನು ‘ಬೆಲೆ ಕೇಳಿ ಬೇಡ ಎಂದವರು’ ಎಂದು ಎಣಿಸಿದರೆ ಬೆಲೆಯ ಮೇಲೆ ಇಲ್ಲದ ಅಪವಾದ ಹೊರಿಸಿದಂತಾಗುತ್ತದೆ.

ಒಂದು ಹಂತದಿಂದ ಮುಂದಿನ ಹಂತಕ್ಕೆ ಬಾರದೆ ಉಳಿದವರ ಪಾಲೇ ಡ್ರಾಪ್-ಆಫ್. 600 ಜನ ನೋಂದಾಯಿಸಿ 210 ಜನ ಬಂದರೆ ಹಾಜರಿ ಶೇ. 35, ಡ್ರಾಪ್-ಆಫ್ ಶೇ. 65. ಇಲ್ಲಿ ಭಾಗಿಸುವ ಸಂಖ್ಯೆಯ ಬಗ್ಗೆ ಎಚ್ಚರ ಬೇಕು. ಹಿಂದಿನ ಹಂತದ ಸಂಖ್ಯೆಯಿಂದ ಭಾಗಿಸಿದರೆ ಆ ಒಂದು ಹಂತ ಹೇಗೆ ಕೆಲಸ ಮಾಡಿತೆಂದು ತಿಳಿಯುತ್ತದೆ. ಮೊದಲ ನೋಂದಣಿಯಿಂದ ಭಾಗಿಸಿದರೆ ಇಡೀ ದಾರಿಯ ಫಲ ತಿಳಿಯುತ್ತದೆ. ಎರಡೂ ಉಪಯುಕ್ತವೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಹೋಲಿಸಬಾರದು. ‘ನಮ್ಮಲ್ಲಿ ಶೇ. 10 ಜನ ಸೇರುತ್ತಾರೆ’ ಎಂದು ಯಾರಾದರೂ ಹೇಳಿದರೆ, ಯಾವುದರ ಶೇ. 10 ಎಂದು ಮೊದಲು ಕೇಳಬೇಕು. ನೋಂದಣಿಯದೋ, ಹಾಜರಿಯದೋ, ಕೊನೆವರೆಗೆ ಕೂತವರದೋ?

## ಮೊದಲು ಪಟ್ಟಿಯನ್ನು ಹಸನು ಮಾಡಬೇಕು

ಝೂಮ್‌ನಲ್ಲಿ ವೆಬಿನಾರ್ ಮುಗಿದ ಮೇಲೆ ಹಾಜರಿಯ ವರದಿ ಇಳಿಸಿಕೊಳ್ಳಬಹುದು. ಅದರಲ್ಲಿ `Attended`, `Email`, `Registration Time`, `Join Time`, `Leave Time`, `Time in Session (minutes)` ಎಂಬ ಕಾಲಂಗಳಿರುತ್ತವೆ. ಆ ಪಟ್ಟಿಯ ಸಾಲುಗಳನ್ನು ಎಣಿಸಿ ‘ಇಷ್ಟು ಜನ ಬಂದರು’ ಎಂದರೆ ಲೆಕ್ಕ ಅಲ್ಲೇ ಕೆಡುತ್ತದೆ. ನೆಟ್‌ವರ್ಕ್ ಹೋಗಿ ಮೂರು ಸಲ ಒಳಗೆ ಬಂದವರು ಮೂರು ಸಾಲುಗಳಲ್ಲಿ ಕಾಣಿಸುತ್ತಾರೆ. ಮೊಬೈಲ್ ಮತ್ತು ಲ್ಯಾಪ್‌ಟಾಪ್ ಎರಡರಲ್ಲೂ ತೆರೆದಿಟ್ಟವರ ನಿಮಿಷಗಳು ಎರಡು ಪಟ್ಟಾಗುತ್ತವೆ. 90 ನಿಮಿಷದ ವೆಬಿನಾರ್‌ನಲ್ಲಿ ಒಬ್ಬರ ಮೊತ್ತ 150 ನಿಮಿಷ ಬಂದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ನಿಮ್ಮದೇ ತಂಡದವರು ಕೇಳುಗರಾಗಿ ಕೂತಿದ್ದರೆ ಅವರನ್ನೂ ತೆಗೆಯಬೇಕು. ಯೂಟ್ಯೂಬ್ ಲೈವ್‌ನಲ್ಲೂ ಹರಿಸಿದ್ದರೆ ಅಲ್ಲಿ ನೋಡಿದವರು ಈ ವರದಿಯಲ್ಲಿ ಇರುವುದೇ ಇಲ್ಲ. ಅವರಲ್ಲಿ ಯಾರಾದರೂ ಹಣ ಕಟ್ಟಿದರೆ ‘ಬಾರದವರು ಸೇರಿದ್ದಾರೆ’ ಎಂಬ ವಿಚಿತ್ರ ಫಲಿತಾಂಶ ಕಾಣುತ್ತದೆ.

ಇನ್ನೊಂದು ತೊಡಕು ಗುರುತಿನದು. ನೋಂದಣಿ ಫಾರಂನಲ್ಲಿ ಒಂದು ಇಮೇಲ್, ಹಣ ಕಟ್ಟುವಾಗ ಮನೆಯ ಇನ್ನೊಬ್ಬರ ಇಮೇಲ್ ಕೊಡುವುದು ನಮ್ಮಲ್ಲಿ ಮಾಮೂಲು. ಹೋಲಿಸಿದರೆ ಫೋನ್ ನಂಬರೇ ಹೆಚ್ಚು ಗಟ್ಟಿ ಗುರುತು. ಆದ್ದರಿಂದ ನೋಂದಣಿಯಲ್ಲೇ ಅದನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಒಬ್ಬರು `+91` ಸೇರಿಸಿ ಬರೆಯುತ್ತಾರೆ, ಇನ್ನೊಬ್ಬರು ಮೊದಲಿಗೆ ಸೊನ್ನೆ ಹಾಕುತ್ತಾರೆ, ಮತ್ತೊಬ್ಬರು ನಡುವೆ ಜಾಗ ಬಿಡುತ್ತಾರೆ. ಜಾಗ ತೆಗೆದು ಕೊನೆಯ 10 ಅಂಕಿಗಳನ್ನಷ್ಟೇ ಉಳಿಸಿಕೊಂಡರೆ ಮೂರೂ ಒಂದೇ ರೂಪಕ್ಕೆ ಬರುತ್ತವೆ:

```
=RIGHT(SUBSTITUTE(B2," ",""),10)
```

ಈ ನಂಬರನ್ನು ಕೀಲಿಯಾಗಿಟ್ಟು ನೋಂದಣಿ, ಹಾಜರಿ, ಪಾವತಿ ಮೂರೂ ಪಟ್ಟಿಗಳನ್ನು ಒಂದೇ ಶೀಟಿಗೆ ತರಬೇಕು. ಒಬ್ಬ ವ್ಯಕ್ತಿಗೆ ಒಂದೇ ಸಾಲು. ಎಷ್ಟು ನಿಮಿಷ ಕೂತರೆ ‘ಹಾಜರಿ’ ಎನ್ನುವುದನ್ನೂ ಈಗಲೇ ನಿರ್ಧರಿಸಿಬಿಡಿ. ನನ್ನ ಮಟ್ಟಿಗೆ 10 ನಿಮಿಷ ಸರಿಯಾದ ಗೆರೆ. ಐದೋ ಹದಿನೈದೋ ಇಟ್ಟುಕೊಂಡರೂ ತೊಂದರೆಯಿಲ್ಲ, ಪ್ರತಿ ವೆಬಿನಾರ್‌ಗೂ ಅದೇ ಗೆರೆ ಇರಬೇಕು ಅಷ್ಟೆ.

ಕೊನೆಯದಾಗಿ, ಪ್ರತಿಯೊಬ್ಬರೂ ಎಲ್ಲಿಂದ ಬಂದರು ಎಂಬ ಗುರುತು ಬೇಕು. ನೋಂದಣಿ ಪುಟದ ಲಿಂಕಿನ ಬಾಲಕ್ಕೆ ಸೇರಿಸುವ `utm_source` ಇರುವುದು ಇದಕ್ಕಾಗಿಯೇ. ಜಾಹೀರಾತಿಗೆ ಒಂದು ಲಿಂಕ್, ವಾಟ್ಸಾಪ್ ಗುಂಪಿಗೆ ಇನ್ನೊಂದು:

```
https://example.com/gst?utm_source=instagram&utm_medium=paid
https://example.com/gst?utm_source=whatsapp&utm_medium=group
```

ಈ ಒಂದು ಕಾಲಂ ಇಲ್ಲದಿದ್ದರೆ ಮುಂದೆ ಹೇಳುವ ಯಾವ ವಿಷಯವೂ ಕಣ್ಣಿಗೆ ಬೀಳುವುದಿಲ್ಲ.

## ಎಲ್ಲ ಹಂತವೂ ಕುಸಿದಂತೆ ಕಂಡ ತಿಂಗಳು

ಲೆಕ್ಕ ಸ್ಪಷ್ಟವಾಗಲೆಂದು ಒಂದು ಉದಾಹರಣೆ ಕಟ್ಟೋಣ. ಜಿಎಸ್‌ಟಿ ರಿಟರ್ನ್ ತುಂಬುವುದನ್ನು ಕನ್ನಡದಲ್ಲಿ ಕಲಿಸುವ ಒಬ್ಬ ಶಿಕ್ಷಕಿಯ ಕೋರ್ಸ್ ಎಂದುಕೊಳ್ಳಿ, ಬೆಲೆ 6,000 ರೂಪಾಯಿ. ಸತತ ಎರಡು ತಿಂಗಳಲ್ಲಿ ಎರಡು ವೆಬಿನಾರ್ ನಡೆದಿವೆ. ಮೊದಲನೆಯದಕ್ಕೆ 600 ನೋಂದಣಿ. ಎರಡನೆಯದಕ್ಕೆ ಜಾಹೀರಾತಿಗೆ ಹೆಚ್ಚು ಹಣ ಸುರಿದು 1,200 ನೋಂದಣಿ ತಂದರು.

| ಹಂತ | ಮೊದಲ ತಿಂಗಳು | ಎರಡನೇ ತಿಂಗಳು |
|---|---|---|
| ನೋಂದಣಿ | 600 | 1,200 |
| ಹಾಜರಿ | 210 (ಶೇ. 35) | 330 (ಶೇ. 27.5) |
| ಬೆಲೆ ಹೇಳುವಾಗ ಇದ್ದವರು | 135 (ಶೇ. 64) | 195 (ಶೇ. 59) |
| ಹಣ ಕಟ್ಟಿದವರು | 24 (ಶೇ. 18) | 30 (ಶೇ. 15) |

ಆವರಣದಲ್ಲಿರುವುದು ಹಿಂದಿನ ಹಂತದಿಂದ ದಾಟಿದವರ ಪಾಲು. ಮೂರಕ್ಕೆ ಮೂರೂ ಇಳಿದಿವೆ. ಇದನ್ನು ನೋಡಿದವರು ಏನು ಮಾಡುತ್ತಾರೆ? ನೆನಪೋಲೆ ಸಂದೇಶಗಳನ್ನು ಹೆಚ್ಚಿಸುತ್ತಾರೆ, ಸ್ಲೈಡುಗಳನ್ನು ಬದಲಿಸುತ್ತಾರೆ, ಬೆಲೆಯನ್ನು 4,999ಕ್ಕೆ ಇಳಿಸುತ್ತಾರೆ. ಒಂದೇ ವಾರದಲ್ಲಿ ಮೂರನ್ನೂ ಮಾಡುವವರಿದ್ದಾರೆ.

ಈಗ ಅದೇ ಜನರನ್ನು ಬಂದ ದಾರಿಯ ಪ್ರಕಾರ ಬೇರೆ ಮಾಡಿ ನೋಡೋಣ. ಹಳೆಯ ವಿದ್ಯಾರ್ಥಿಗಳು ಮತ್ತು ಪರಿಚಿತರಿರುವ ವಾಟ್ಸಾಪ್ ಗುಂಪುಗಳಿಂದ ಎರಡೂ ತಿಂಗಳು 300 ನೋಂದಣಿ ಬಂದಿವೆ. ಎರಡೂ ಸಲ ಅವರಲ್ಲಿ 150 ಜನ ಹಾಜರಾದರು, 105 ಜನ ಬೆಲೆ ಕೇಳಿದರು, 21 ಜನ ಸೇರಿದರು. ಒಂದಂಕಿಯೂ ಅಲುಗಿಲ್ಲ. ಜಾಹೀರಾತಿನಿಂದ ಮೊದಲ ತಿಂಗಳು ಬಂದದ್ದು 300 ನೋಂದಣಿ. ಅವರಲ್ಲಿ 60 ಜನ ಹಾಜರಿ, 30 ಜನ ಬೆಲೆ ಕೇಳುವವರೆಗೆ, 3 ಜನ ಸೇರ್ಪಡೆ. ಎರಡನೇ ತಿಂಗಳು 900 ನೋಂದಣಿ, 180 ಹಾಜರಿ, 90 ಜನ ಬೆಲೆವರೆಗೆ, 9 ಸೇರ್ಪಡೆ. ಎಲ್ಲವೂ ಸರಿಯಾಗಿ ಮೂರು ಪಟ್ಟು. ಅಂದರೆ ಇಲ್ಲೂ ದಾಟುವ ಪ್ರಮಾಣ ಬದಲಾಗಿಲ್ಲ.

ಎರಡು ಗುಂಪುಗಳಲ್ಲಿ ಯಾವುದೂ ಕುಸಿದಿಲ್ಲ, ಆದರೂ ಒಟ್ಟು ಲೆಕ್ಕ ಕುಸಿದಿದೆ. ಬದಲಾಗಿದ್ದು ಬೆರಕೆ ಮಾತ್ರ. ಮೊದಲು ಅರ್ಧಕ್ಕರ್ಧ ಪರಿಚಿತರಿದ್ದರು, ಈಗ ನಾಲ್ಕರಲ್ಲಿ ಮೂರು ಪಾಲು ಜಾಹೀರಾತಿನಿಂದ ಬಂದವರು. ಅವರು ಎಲ್ಲ ಹಂತದಲ್ಲೂ ಕಡಿಮೆ ಪ್ರಮಾಣದಲ್ಲಿ ದಾಟುವವರಾದ್ದರಿಂದ, ಅವರ ಪಾಲು ಹೆಚ್ಚಿದಂತೆ ಪ್ರತಿ ಹಂತದ ಸರಾಸರಿಯೂ ಕೆಳಗೆ ಜಗ್ಗುತ್ತದೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿದ್ದರೆ ರೈತ ತನ್ನ ಬದುವನ್ನೇ ಅಗೆಯುತ್ತ ಕೂರುವುದಿಲ್ಲ, ಕಾಲುವೆಗುಂಟ ಮೇಲಕ್ಕೆ ನಡೆದು ತೂಬಿನವರೆಗೆ ನೋಡಿಬರುತ್ತಾನೆ. ಇಲ್ಲಿಯೂ ನೋಡಬೇಕಾದ್ದು ತೂಬನ್ನೇ, ಅಂದರೆ ನೋಂದಣಿಯನ್ನು.

ಜಾಹೀರಾತಿನವರು ಯಾಕೆ ಹೀಗೆ? ಒಂದು ಕಾರಣ ಫಾರಂನಲ್ಲೇ ಇದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನ ಇನ್‌ಸ್ಟಂಟ್ ಫಾರಂ ಬಳಸಿದರೆ ಪ್ರೊಫೈಲ್‌ನಲ್ಲಿರುವ ಹೆಸರು, ಫೋನ್ ನಂಬರ್ ತಾವಾಗಿಯೇ ತುಂಬಿಕೊಳ್ಳುತ್ತವೆ. ಎರಡು ಸಲ ಒತ್ತಿದರೆ ನೋಂದಣಿ ಮುಗಿಯಿತು. ರೀಲ್ಸ್ ನೋಡುತ್ತ ಹೀಗೆ ಒತ್ತಿದವರಲ್ಲಿ ಎಷ್ಟೋ ಮಂದಿಗೆ ಭಾನುವಾರದ ಹೊತ್ತಿಗೆ ತಾವು ಯಾವುದಕ್ಕೆ ಹೆಸರು ಕೊಟ್ಟಿದ್ದೆವೆಂಬುದೇ ನೆನಪಿರುವುದಿಲ್ಲ. ಫಾರಂ ಸುಲಭವಾದಷ್ಟೂ ನೋಂದಣಿ ಅಗ್ಗ, ಹಾಜರಿ ತುಟ್ಟಿ. ‘ನೀವು ಈಗ ಅಕೌಂಟ್ಸ್ ಕೆಲಸದಲ್ಲಿದ್ದೀರಾ?’ ಎಂಬ ಒಂದೇ ಪ್ರಶ್ನೆಯನ್ನು ಸೇರಿಸಿದರೂ ನೋಂದಣಿ ಇಳಿಯಬಹುದು, ಹಾಜರಿಯ ಶೇಕಡಾವಾರು ಏರಬಹುದು. ಆ ಬದಲಾವಣೆ ಲಾಭವೋ ನಷ್ಟವೋ ಎಂದು ಹೇಳುವುದು ಹಣ ಕಟ್ಟಿದವರ ಸಂಖ್ಯೆ ಮಾತ್ರ.

ಹಾಗಾದರೆ ಆ ಜಾಹೀರಾತು ದಂಡವೇ? ಅದಕ್ಕೂ ಲೆಕ್ಕವೇ ಉತ್ತರ. ಒಂದು ನೋಂದಣಿಗೆ 40 ರೂಪಾಯಿ ಖರ್ಚಾಗಿದೆ ಎಂದುಕೊಳ್ಳಿ. 900 ನೋಂದಣಿಗೆ 36,000 ರೂಪಾಯಿ, ಸೇರಿದವರು 9. ಒಬ್ಬ ವಿದ್ಯಾರ್ಥಿಗೆ 4,000 ರೂಪಾಯಿ ಬಿತ್ತು. 6,000 ರೂಪಾಯಿಯಲ್ಲಿ ಶೇ. 18 ಜಿಎಸ್‌ಟಿಯೂ ಸೇರಿದ್ದರೆ ಶಿಕ್ಷಕಿಯ ಪಾಲಿಗೆ ಬರುವುದು ಸುಮಾರು 5,085. ಜಾಹೀರಾತಿನ 4,000 ಕಳೆದರೆ ಉಳಿಯುವುದು ಸುಮಾರು 1,085. ಪೇಮೆಂಟ್ ಗೇಟ್‌ವೇ ಶುಲ್ಕ, ಝೂಮ್ ಬಾಡಿಗೆ, ಪಾಠ ಮಾಡುವ ಸಮಯ ಎಲ್ಲವೂ ಇದರಲ್ಲೇ ಹೊಂದಬೇಕು. ನಷ್ಟವಲ್ಲ, ಆದರೆ ಬಹಳ ತೆಳುವಾದ ಲಾಭ. ‘ಹಾಜರಿ ಶೇ. 27.5ಕ್ಕೆ ಇಳಿಯಿತು’ ಎಂಬ ಮಾತಿನಲ್ಲಿ ಈ ಸಂಗತಿಯ ಸುಳಿವೂ ಇರಲಿಲ್ಲ.

## ನಿಜವಾಗಿಯೂ ಹಾಜರಿ ಇಳಿದಿದ್ದರೆ

ಒಂದೇ ಮೂಲದ ಒಳಗೆ, ಹಿಂದಿನ ವೆಬಿನಾರ್‌ಗೆ ಹೋಲಿಸಿ, ಹಾಜರಿ ಇಳಿದಿದ್ದರೆ ಆಗ ಹಾಜರಿಯ ಹಂತದಲ್ಲೇ ಕಾರಣ ಹುಡುಕಬೇಕು. ಮೊದಲು ತಿಳಿಯಬೇಕಾದ್ದು ನೆನಪೋಲೆ ತಲುಪಿತೇ ಎಂಬುದು. ವಾಟ್ಸಾಪ್‌ನ ಬಿಸಿನೆಸ್ ವೇದಿಕೆಯಿಂದ ಕಳಿಸಿದ್ದರೆ ಎಷ್ಟು ಸಂದೇಶ ಹೊರಟವು, ಎಷ್ಟು ತಲುಪಿದವು, ಎಷ್ಟನ್ನು ಓದಿದರು ಎಂಬ ಎಣಿಕೆ ಸಿಗುತ್ತದೆ. ಓದಿದವರ ಹಾಜರಿಯನ್ನೂ ತಲುಪದವರ ಹಾಜರಿಯನ್ನೂ ಬೇರೆಬೇರೆ ಲೆಕ್ಕ ಹಾಕಿ. ತಲುಪದವರೇ ಹೆಚ್ಚಾಗಿದ್ದರೆ ಕೆಟ್ಟಿರುವುದು ಕಳಿಸುವ ವ್ಯವಸ್ಥೆ. ಓದಿಯೂ ಬರಲಿಲ್ಲವೆಂದರೆ ಸಮಯ ಅಥವಾ ವಿಷಯ ಹೊಂದುತ್ತಿಲ್ಲ. ಇಮೇಲ್ ತೆರೆದವರ ಸಂಖ್ಯೆಯನ್ನು ಮಾತ್ರ ಇದಕ್ಕೆ ನೆಚ್ಚಿಕೊಳ್ಳಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಗೋಪ್ಯತೆಯ ಸೌಲಭ್ಯವನ್ನು ಆನ್ ಮಾಡಿಕೊಂಡವರ ಪತ್ರಗಳಲ್ಲಿನ ಚಿತ್ರಗಳು, ಅವರು ತೆರೆಯದಿದ್ದರೂ ಮೊದಲೇ ಲೋಡ್ ಆಗುತ್ತವೆ. ಅದು ‘ತೆರೆದಿದ್ದಾರೆ’ ಎಂದು ದಾಖಲಾಗುತ್ತದೆ.

ಎರಡನೆಯದು ನೋಂದಣಿಗೂ ವೆಬಿನಾರ್‌ಗೂ ನಡುವಿನ ಅಂತರ. `Registration Time` ಕಾಲಂ ಹಿಡಿದು ಸೋಮವಾರ ಹೆಸರು ಕೊಟ್ಟವರಲ್ಲಿ ಎಷ್ಟು ಜನ ಬಂದರು, ಶನಿವಾರ ಸಂಜೆ ಕೊಟ್ಟವರಲ್ಲಿ ಎಷ್ಟು ಜನ ಎಂದು ಬೇರ್ಪಡಿಸಿ. ಇದನ್ನೂ ಮೂಲದ ಒಳಗೇ ಮಾಡಬೇಕು. ವಾಟ್ಸಾಪ್ ಗುಂಪಿಗೆ ಶನಿವಾರ ಮಾತ್ರ ಲಿಂಕ್ ಹಾಕಿದ್ದರೆ, ‘ಶನಿವಾರದವರು ಹೆಚ್ಚು ಬರುತ್ತಾರೆ’ ಎಂದು ಕಾಣುವುದು ದಿನದ ಗುಣವಲ್ಲ, ಗುಂಪಿನ ಗುಣ.

## ಬೆಲೆ ಹೇಳುವ ಹೊತ್ತಿಗೆ ಯಾರಿದ್ದರು

ಬಂದವರು ಸರಾಸರಿ ಎಷ್ಟು ನಿಮಿಷ ಕೂತರು ಎಂಬ ಸಂಖ್ಯೆಯಿಂದ ಹೆಚ್ಚು ತಿಳಿಯುವುದಿಲ್ಲ. ಅರ್ಧ ಜನ 5 ನಿಮಿಷಕ್ಕೆ ಎದ್ದು, ಅರ್ಧ ಜನ 85 ನಿಮಿಷ ಕೂತರೂ ಸರಾಸರಿ 45 ನಿಮಿಷವೇ. ಎಲ್ಲರೂ 45ನೇ ನಿಮಿಷಕ್ಕೆ ಎದ್ದುಹೋದರೂ ಅಷ್ಟೇ. ಮೊದಲನೆಯದರಲ್ಲಿ ಅರ್ಧ ಜನ ಬೆಲೆ ಕೇಳಿದ್ದಾರೆ, ಎರಡನೆಯದರಲ್ಲಿ ಒಬ್ಬರೂ ಇಲ್ಲ.

ಅದಕ್ಕೇ ಪ್ರತಿ ಐದು ನಿಮಿಷಕ್ಕೊಮ್ಮೆ ಒಳಗೆ ಎಷ್ಟು ಜನರಿದ್ದರು ಎಂದು ಎಣಿಸಬೇಕು. ಆ ಗಳಿಗೆಗಿಂತ ಮೊದಲು ಸೇರಿ, ಆ ಗಳಿಗೆಯ ನಂತರ ಹೊರಟವರ ಎಣಿಕೆ ಇಷ್ಟು ಸಾಲಿನಲ್ಲಿ ಸಿಗುತ್ತದೆ (`Join`, `Leave` ಎಂಬುವು ಆ ಎರಡು ಕಾಲಂಗಳಿಗೆ ಕೊಟ್ಟ ಹೆಸರು, `T1` ಮನೆಯಲ್ಲಿ ಬೇಕಾದ ಸಮಯ):

```
=COUNTIFS(Join,"<="&T1,Leave,">="&T1)
```

ಈ ಎಣಿಕೆಗೆ ಝೂಮ್‌ನ ಮೂಲ ಸಾಲುಗಳೇ ಬೇಕು, ಏಕೆಂದರೆ ಹೊರಹೋಗಿ ಮತ್ತೆ ಬಂದವರು ನಡುವಿನ ಹೊತ್ತಿನಲ್ಲಿ ಒಳಗಿರಲಿಲ್ಲ. ಎರಡು ಸಾಧನಗಳಲ್ಲಿ ಏಕಕಾಲಕ್ಕೆ ಇದ್ದವರ ಒಂದು ಸಾಲನ್ನು ಮಾತ್ರ ತೆಗೆದುಬಿಡಿ.

ಬರುವ ಸಂಖ್ಯೆಗಳನ್ನು ಗೆರೆಯಾಗಿ ಎಳೆದರೆ ಅದರ ಆಕಾರವೇ ಮಾತಾಡುತ್ತದೆ. ಮೊದಲ ಹತ್ತು ನಿಮಿಷದಲ್ಲೇ ಕಡಿದಾಗಿ ಬಿದ್ದಿದ್ದರೆ, ಜಾಹೀರಾತಿನಲ್ಲಿ ಹೇಳಿದ್ದಕ್ಕೂ ಒಳಗೆ ಕೇಳಿಸಿದ್ದಕ್ಕೂ ತಾಳೆಯಿಲ್ಲ, ಇಲ್ಲವೇ ‘ಇನ್ನೂ ಜನ ಬರುತ್ತಿದ್ದಾರೆ, ಸ್ವಲ್ಪ ಕಾಯೋಣ’ ಎಂದು ಸಮಯ ಕಳೆದಿದ್ದಾರೆ. ರೆಕಾರ್ಡಿಂಗ್ ತೆರೆದು ನೋಡಿದರೆ ಯಾವುದೆಂದು ತಿಳಿಯುತ್ತದೆ. ನಿಧಾನವಾಗಿ ಇಳಿಯುವ ಗೆರೆ ಸಹಜ. ಬೆಲೆಯ ಸ್ಲೈಡ್ ಬಂದ ನಿಮಿಷದಲ್ಲಿ ಬಿದ್ದರೆ ಗಾಬರಿಯಾಗಬೇಕಿಲ್ಲ, ಕೊಳ್ಳುವ ಮನಸ್ಸಿಲ್ಲದವರು ಎದ್ದುಹೋಗುವ ಸಮಯವೇ ಅದು. ಬೆಲೆ ಹೇಳುವುದಕ್ಕೆ ಹದಿನೈದು ನಿಮಿಷ ಮೊದಲೇ ಬಿದ್ದಿದ್ದರೆ ಮಾತ್ರ ಯೋಚಿಸಬೇಕು. ಪಾಠ ಮುಗಿಯಿತು, ಇನ್ನು ಮಾರಾಟ ಶುರುವಾಗುತ್ತದೆ ಎಂದು ಕೇಳುಗರು ಗುರುತಿಸಿದ್ದಾರೆ.

## ಬೆಲೆ ಕೇಳಿದ ಮೇಲೆ ಹಣ ಕಟ್ಟುವವರೆಗೆ

ಇಲ್ಲಿ ಮೂರು ಬಗೆಯ ಜನರನ್ನು ಬೇರೆ ಮಾಡಬೇಕು: ಪಾವತಿ ಪುಟ ತೆರೆಯದವರು, ತೆರೆದು ಬಿಟ್ಟವರು, ಕಟ್ಟಲು ಹೋಗಿ ವಿಫಲರಾದವರು. ಮೂವರಿಗೂ ಬೇಕಾದ ಮದ್ದು ಬೇರೆ.

ರೇಜರ್‌ಪೇಯಂಥ ಗೇಟ್‌ವೇಯಲ್ಲಿ ಪ್ರತಿ ಯತ್ನಕ್ಕೂ ಒಂದು ಪಾವತಿ ದಾಖಲೆ ಹುಟ್ಟುತ್ತದೆ, ಅದರ ಸ್ಥಿತಿ `created`, `authorized`, `captured`, `failed`, `refunded` ಎಂದು ಕಾಣುತ್ತದೆ. ಯುಪಿಐಯಲ್ಲಿ ಎರಡು ಸಲ ಕೈಕೊಟ್ಟು ಮೂರನೇ ಸಲ ಕಟ್ಟಿದವರ ಹೆಸರಿನಲ್ಲಿ ಎರಡು `failed`, ಒಂದು `captured` ಇರುತ್ತವೆ. ಯತ್ನಗಳನ್ನು ಎಣಿಸಿದರೆ ಮೂರರಲ್ಲಿ ಎರಡು ವಿಫಲ ಎಂದು ಎದೆ ಧಸಕ್ಕೆನ್ನುತ್ತದೆ. ವ್ಯಕ್ತಿಗಳನ್ನು ಎಣಿಸಿದರೆ ಒಬ್ಬರು ಬಂದರು, ಒಬ್ಬರು ಸೇರಿದರು. ಫೋನ್ ನಂಬರ್ ಹಿಡಿದು, `captured` ಒಂದೂ ಇಲ್ಲದೆ ಬರೀ `failed` ಇರುವವರನ್ನು ಹೆಕ್ಕಿ. ಕೊಳ್ಳಲು ನಿರ್ಧರಿಸಿಯೂ ಕಟ್ಟಲಾಗದವರು ಅವರೇ. ಆ ಪಟ್ಟಿ ಸಣ್ಣದಾಗಿರುತ್ತದೆ, ಅದೇ ದಿನ ಫೋನ್ ಮಾಡಬಹುದಾದಷ್ಟು. `authorized` ಆಗಿಯೇ ಉಳಿದ ಹಣ ನಿಮ್ಮ ಕೈಸೇರಿದಂತಲ್ಲ. `captured` ಆಗದಿದ್ದರೆ ಅದು ಗ್ರಾಹಕರಿಗೇ ಮರಳುತ್ತದೆ.

ಹಣ ಎಲ್ಲರಿಂದಲೂ ಅಂದೇ ಬರುವುದಿಲ್ಲ. ಸಂಬಳ ಆದ ಮೇಲೆ ಕಟ್ಟುವವರು, ಮನೆಯಲ್ಲಿ ಕೇಳಿ ಕಟ್ಟುವವರು ಇದ್ದೇ ಇರುತ್ತಾರೆ. ತಿಂಗಳ 28ಕ್ಕೆ ನಡೆದ ವೆಬಿನಾರ್‌ನ ಫಲವನ್ನು 30ಕ್ಕೆ ನೋಡಿ, 4ಕ್ಕೆ ನಡೆದದ್ದರ ಫಲವನ್ನು 20ಕ್ಕೆ ನೋಡಿ ಹೋಲಿಸಿದರೆ ಮೊದಲನೆಯದಕ್ಕೆ ಅನ್ಯಾಯ. ಪ್ರತಿಯೊಂದಕ್ಕೂ ವೆಬಿನಾರ್ ದಿನದಿಂದ ಏಳು ದಿನ ಎಂದು ಒಂದೇ ಗಡುವು ಇಟ್ಟುಕೊಳ್ಳಿ. ಹಣ ವಾಪಸ್ ಪಡೆಯುವ ಅವಕಾಶ ಕೊಟ್ಟಿದ್ದರೆ, ಆ ಅವಧಿ ಮುಗಿದ ಮೇಲೆ `refunded` ಆದವರನ್ನು ಕಳೆದು ಮತ್ತೊಮ್ಮೆ ಮೂಲವಾರು ಲೆಕ್ಕ ಹಾಕಬೇಕು. ಒಂದು ಮೂಲದಿಂದ ಬಂದವರೇ ಹೆಚ್ಚಾಗಿ ವಾಪಸ್ ಕೇಳುತ್ತಿದ್ದರೆ ಅದರ ಕಾರಣವೂ ಬಹುತೇಕ ಮೇಲಿನ ಹಂತದಲ್ಲೇ ಸಿಗುತ್ತದೆ.

## ಸಂಖ್ಯೆ ಸಣ್ಣದಾದಾಗ

ನಮ್ಮ ಶಿಕ್ಷಕಿಯ ವಾಟ್ಸಾಪ್ ಗುಂಪಿನಿಂದ 105 ಜನ ಬೆಲೆ ಕೇಳಿ 21 ಜನ ಸೇರಿದ್ದರು. ಮೂರನೇ ತಿಂಗಳು ಅದೇ 105ರಲ್ಲಿ 17 ಜನ ಸೇರಿದರೆ? ಶೇ. 20ರಿಂದ ಶೇ. 16ಕ್ಕೆ ಬಿತ್ತು ಎಂದು ಹೇಳಬಹುದು, ಆದರೆ ಹಾಗೆ ಹೇಳುವುದಕ್ಕೆ ಅಷ್ಟು ಆಧಾರವಿಲ್ಲ. ಒಳಗಿನ ಪ್ರಮಾಣ ಶೇ. 20ರಲ್ಲೇ ಇದ್ದರೂ ಒಂದು ಸಲ 17, ಇನ್ನೊಂದು ಸಲ 25 ಬರುವುದು ತೀರಾ ಸಾಮಾನ್ಯ. ಇದನ್ನು ಅಂದಾಜಿಸುವ ಸೂತ್ರ ಸರಳ:

```
=SQRT(105*0.2*0.8)
```

ಉತ್ತರ ಸುಮಾರು 4. ನಿರೀಕ್ಷಿತ 21ರಿಂದ ನಾಲ್ಕು ಅತ್ತ, ನಾಲ್ಕು ಇತ್ತ ಆಗುವುದು ದಿನನಿತ್ಯದ ಏರಿಳಿತ. ಎಂಟರಷ್ಟು, ಅಂದರೆ 13ಕ್ಕೆ ಇಳಿದರೆ ಮಾತ್ರ ಏನೋ ನಡೆದಿದೆ ಎಂದು ಗಂಭೀರವಾಗಿ ಹುಡುಕಬಹುದು. ಜಾಹೀರಾತಿನ 3 ಸೇರ್ಪಡೆಗಳಂಥ ಸಂಖ್ಯೆಯಿಂದ ಯಾವ ತೀರ್ಮಾನವನ್ನೂ ಎಳೆಯಲಾಗದು, ಅದು ಮುಂದಿನ ಸಲ 1 ಆಗಬಹುದು, 6 ಆಗಬಹುದು. ಮೇಲಿನ ಉದಾಹರಣೆಯಲ್ಲಿ ಪ್ರಮಾಣಗಳು ಎರಡೂ ತಿಂಗಳು ಒಂದೇ ಆಗಿದ್ದದ್ದು ವಿಷಯ ಸ್ಪಷ್ಟವಾಗಲೆಂದು. ನಿಜದ ಶೀಟಿನಲ್ಲಿ ಅವು ಅಲುಗಾಡುತ್ತಲೇ ಇರುತ್ತವೆ.

ಹಾಗಾಗಿ ಹಾಜರಿಯ ಹಂತದಲ್ಲಿ ಮಾಡಿದ ಬದಲಾವಣೆ ಫಲಿಸಿತೇ ಎಂದು ಒಂದೇ ವೆಬಿನಾರ್‌ನಲ್ಲಿ ತಿಳಿಯಬಹುದು, ಅಲ್ಲಿ ನೂರಾರು ಜನರ ಲೆಕ್ಕವಿದೆ. ನೋಂದಣಿಯಾದವರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಹಳೆಯ ನೆನಪೋಲೆ, ಇನ್ನೊಂದಕ್ಕೆ ಹೊಸದು ಕಳಿಸಿದರೆ ಆಯಿತು. ಬೆಲೆಯ ಹಂತದ ಬದಲಾವಣೆಗೆ ಮೂರ್ನಾಲ್ಕು ವೆಬಿನಾರ್‌ಗಳ ಲೆಕ್ಕವನ್ನು ಒಟ್ಟುಗೂಡಿಸಬೇಕಾಗುತ್ತದೆ, ಅಷ್ಟು ದಿನ ಬೇರೆ ಏನನ್ನೂ ಬದಲಿಸದೆ ಇರಬೇಕಾಗುತ್ತದೆ.